ಸಾವ್ಕಾರರ ತಂದೆಯ ಹಣೆ

ಆ ಕರಿ ಗೆರೆಯನ್ನು ಫೋಟೋ ಪ್ರಿಂಟ್ ಹಾಕಿಸುವ ಮೊದಲೇ ನಾನು ನೋಡಿದ್ದೆನೋ ಇಲ್ಲವೋ, ಇವತ್ತಿಗೂ ಖಾತ್ರಿಯಿಲ್ಲ. ನೋಡಿರಲಿಲ್ಲ ಎಂದು ಅಪ್ಪನಿಗೆ ಹೇಳಿದೆ. ಅವತ್ತು ಅದು ನಿಜವೆಂದೇ ನಂಬಿದ್ದೆ. ಆದರೆ ಈಗ ನೆನೆಸಿಕೊಂಡರೆ ಕಲಬುರಗಿಯ ಗಾಜಿಪುರ ಬಡಾವಣೆಯ ನಮ್ಮ ಮನೆಯ ಮುಂದಿನ ಕೋಣೆ, ಉಬ್ಬಿದ ಗಾಜಿನ ಮಾನಿಟರ್, ಅದರೊಳಗೆ ರುಮಾಲು ಸುತ್ತಿದ ಒಬ್ಬರ ಮುಖ, ಹುಬ್ಬಿನ ನಡುವೆ ನೆಟ್ಟಗೆ ನಿಂತ ಗೆರೆ, ಎಲ್ಲವೂ ಒಟ್ಟಿಗೇ ಕಾಣುತ್ತವೆ. ಆಮೇಲೆ ಆದ ಅವಮಾನ ಹಿಂದಕ್ಕೆ ಹೋಗಿ ಆ ಗೆರೆಯನ್ನು ನೆನಪಿನಲ್ಲಿ ತಿದ್ದಿ ಬರೆದಿರಬಹುದು. ಚಿತ್ರ ತಿದ್ದುವುದನ್ನೇ ಓದಿ ಪದವಿ ಪಡೆದವನು ನಾನು. ತಿದ್ದಿದ ಚಿತ್ರವನ್ನು ಎಷ್ಟು ನಂಬಬೇಕೆಂದು ಗೊತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷವಾಗಿತ್ತು. ನಾನು ಕಲಬುರಗಿಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ, ಸ್ಕ್ಯಾನ್ ಮಾಡಿದ ಹಳೆಯ ಫೋಟೋಗಳ ಗೀರು, ಕಲೆ, ಧೂಳು ತೆಗೆಯುವ ವಿಷಯದ ಮೇಲೆ ಪ್ರಬಂಧ ಬರೆಯುತ್ತಿದ್ದೆ. ಒಂದು ದಿನ ಕಮಲಾಪುರದಿಂದ ಸಾವ್ಕಾರರು ಬಂದರು. ನಮ್ಮಪ್ಪ ಎಂಬತ್ತರ ದಶಕದಲ್ಲಿ ಕಮಲಾಪುರದ ಶಾಲೆಯಲ್ಲಿ ಮಾಸ್ತರರಾಗಿದ್ದಾಗ ನಾವು ಬಾಡಿಗೆಗಿದ್ದದ್ದು ಇವರ ವಾಡೆಯ ಎರಡು ಕೋಣೆಗಳಲ್ಲಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ತೊಗರಿ, ಬಾಳೆ, ಒಂದಿಷ್ಟು ವ್ಯಾಪಾರ. ಯಾವಾಗ ಬಂದರೂ ಚೀಲದಲ್ಲಿ ಕೆಂಪು ಬಾಳೆಹಣ್ಣು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ.

ಆ ಸಲ ಬಾಳೆಹಣ್ಣಿನ ಜೊತೆ ಬಟ್ಟೆಯಲ್ಲಿ ಸುತ್ತಿದ ಒಂದು ಫೋಟೋ ಇತ್ತು.

"ತಮ್ಮಾ, ಇದು ನಮ್ಮಪ್ಪಂದು. ಇರೋದು ಇದೊಂದ," ಎಂದರು. "ನಿಮ್ಮಪ್ಪಾರು ಕಲಸ್ತಿದ್ದ ಸಾಲಿಗೆ ಜಾಗಾ ಕೊಟ್ಟಾವ ಇವನ. ಈಗ ಹೊಸಾ ಹಾಲ್ ಕಟ್ಟ್ಯಾರ. ಅದರಾಗ ಫೋಟೋ ಹಾಕತೀವಿ ಅಂದಾರ. ಇದನ್ನ ಹ್ಯಾಂಗ ಹಾಕೋದು ನೀನ ಹೇಳು."

ಗಟ್ಟಿ ರಟ್ಟಿಗೆ ಅಂಟಿಸಿದ ಹಳೆಯ ಪ್ರಿಂಟ್. ಕುರ್ಚಿಯ ಮೇಲೆ ಕುಳಿತ, ರುಮಾಲು ಸುತ್ತಿದ ಮನುಷ್ಯ. ಕಾಲಿನಿಂದ ತಲೆಯವರೆಗೆ ಪೂರ್ತಿ ತೆಗೆದದ್ದರಿಂದ ಮುಖ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಮೈತುಂಬ ಬಿಳಿ ಗೀರು. ಹಣೆಯ ಹತ್ತಿರ ಒಂದು ಮಡಿಕೆ ಬಿದ್ದು ಮೇಲಿನ ಪದರು ಬಿರುಕು ಬಿಟ್ಟಿತ್ತು. ಎಡ ಹುಬ್ಬಿನ ಮೇಲೆ ಎಣ್ಣೆಯಂಥ ಕಂದು ಕಲೆ.

"ನಾ ಸಣ್ಣಾಂವಿದ್ದಾಗ ತೀರಿಕೊಂಡಾನ," ಎಂದರು ಸಾವ್ಕಾರರು. "ಖರೇ ಹೇಳಬೇಕಂದ್ರ ನಂಗ ಅವನ ಮಾರಿ ನೆನಪಿಲ್ಲ. ಸಾಯೂದರಾಗ ಒಂದ್ಸಲ ಚಂದಾಗಿ ನೋಡಬೇಕು."

ಅಪ್ಪ ನನಗಿಂತ ಮೊದಲೇ ಉತ್ತರ ಕೊಟ್ಟರು. "ಅದೇನ ದೊಡ್ಡದ್ರಿ ಸಾವ್ಕಾರ್ರ, ಇವ ಅದರಾಗ ಪಂಡಿತ ಇದ್ದಾನ. ಹೊಸದು ಮಾಡಿ ಕೊಡತಾನ."

ಅಪ್ಪ ಯಾರ ಎದುರಿಗೂ ನನ್ನನ್ನು ಹಾಗೆ ಹೊಗಳಿದವರಲ್ಲ. ನನಗೆ ಖುಷಿಯಾಯಿತು, ಅದನ್ನು ಮರೆತಿಲ್ಲ.

ಆ ಕಾಲಕ್ಕೆ ಇದಕ್ಕೆ ಎರಡು ದಾರಿಗಳಿದ್ದವು. ಒಂದು ಹಳೆಯದು, ಲೆಕ್ಕದ ದಾರಿ. ಸ್ಕ್ಯಾನ್ ಮಾಡಿದ ಚಿತ್ರವೆಂದರೆ ಸಣ್ಣ ಸಣ್ಣ ಚುಕ್ಕೆಗಳು, ಒಂದೊಂದಕ್ಕೂ ಕಪ್ಪು-ಬಿಳುಪಿನ ಒಂದು ಅಂಕಿ. ಧೂಳಿನ ಕಣ ಬಿದ್ದ ಕಡೆ ಸುತ್ತಲಿನ ಚುಕ್ಕೆಗಳ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ, ನಟ್ಟನಡುವೆ ನಿಂತದ್ದನ್ನು ಎತ್ತಿ ಅಲ್ಲಿ ಕೂರಿಸುವುದು. ಒಂದೇ ಒಂದು ಕಣ ಎಷ್ಟೇ ಬೆಳ್ಳಗಿದ್ದರೂ ಸಾಲಿನ ತುದಿಗೆ ಹೋಗಿ ನಿಲ್ಲುತ್ತದೆ, ನಡುವಿಗೆ ಬರುವುದಿಲ್ಲ. ಹೀಗೆ ಧೂಳು ಮಾಯವಾಗುತ್ತದೆ. ಇಡೀ ಚಿತ್ರದ ಮೇಲೆ ಇದನ್ನು ಓಡಿಸಿದರೆ ಮೀಸೆಯ ಕೂದಲು, ರುಮಾಲಿನ ನೇಯ್ಗೆ ಸಹ ಸವೆಯುತ್ತವೆ. ಅದಕ್ಕಾಗಿ ಮೊದಲು ದೋಷ ಎಲ್ಲಿದೆ ಎಂದು ಗುರುತಿಸಿ, ಅಲ್ಲಷ್ಟೇ ಮುಟ್ಟಬೇಕು. ಗೀರುಗಳನ್ನು ಗುರುತಿಸಲು ನಾನು ಬರೆದ ನಿಯಮ ಸರಳ: ಸುತ್ತಲಿಗಿಂತ ಬೆಳ್ಳಗೆ, ತೆಳ್ಳಗೆ, ಇಂತಿಷ್ಟಕ್ಕಿಂತ ಉದ್ದ ಇದ್ದರೆ ಅದು ಗೀರು. ಅದನ್ನು ಅಳಿಸಿ, ಅಂಚಿನ ಬಣ್ಣವನ್ನು ಒಳಕ್ಕೆ ಹರಿಯಬಿಟ್ಟು ತೂತು ಮುಚ್ಚುವುದು.

ಈ ದಾರಿ ಸಣ್ಣ ತೂತಿಗೆ ಸರಿ. ದೊಡ್ಡ ತೂತಿಗೆ ಬಂದರೆ ಹಿಟ್ಟು ಸಾರಿಸಿದಂತೆ ನುಣ್ಣಗಾಗಿಬಿಡುತ್ತದೆ. ಸಾವ್ಕಾರರ ತಂದೆಯ ಹಣೆ ಹಾಗೇ ಆಯಿತು. ಮಡಿಕೆ, ಬಿರುಕು, ಗೀರು, ಕಲೆ ಎಲ್ಲ ಸೇರಿ ನನ್ನ ನಿಯಮ ಹುಬ್ಬಿನಿಂದ ರುಮಾಲಿನ ಅಂಚಿನವರೆಗೆ ಬಹುತೇಕ ಎಲ್ಲವನ್ನೂ ದೋಷವೆಂದು ಗುರುತಿಸಿತ್ತು. ತುಂಬಿದ ಮೇಲೆ ನೋಡಿದರೆ ಹಣೆಯಲ್ಲ, ಗೋಡೆ.

ಆಗ ಎರಡನೆಯ ದಾರಿ ಹಿಡಿದೆ. ಅದು ಹೊಸದು, ಕಲಿಸಿ ಮಾಡಿಸುವ ದಾರಿ. ನೂರಾರು ಮುಖಗಳನ್ನು ಕಂಪ್ಯೂಟರಿಗೆ ಕೊಟ್ಟು, ಎಲ್ಲರ ಕಣ್ಣುಗಳನ್ನೂ ಒಂದೇ ಜಾಗಕ್ಕೆ ತಂದು, ಅವುಗಳ ಸರಾಸರಿ ತೆಗೆಯುವುದು. ಆಮೇಲೆ ಆ ಸರಾಸರಿಯಿಂದ ಮುಖಗಳು ಮುಖ್ಯವಾಗಿ ಯಾವ ಯಾವ ರೀತಿ ಬೇರೆಯಾಗುತ್ತವೆ ಎಂದು ಲೆಕ್ಕ ಹಾಕುವುದು. ಕೆಟ್ಟ ಫೋಟೋ ಬಂದಾಗ ಅದರಲ್ಲಿ ಉಳಿದಿರುವ ಮೂಗು, ಬಾಯಿ, ಗಲ್ಲಕ್ಕೆ ಅತಿ ಹತ್ತಿರ ಹೊಂದುವ ಮಿಶ್ರಣವನ್ನು ಹುಡುಕಿ, ಕಳೆದುಹೋದ ಭಾಗವನ್ನು ಆ ಮಿಶ್ರಣದಿಂದ ತುಂಬುವುದು. ವಿದೇಶದ ಮುಖಗಳ ಸಂಗ್ರಹಗಳು ಸಿಗುತ್ತಿದ್ದವು. ಆದರೆ ನಮ್ಮ ಕಡೆಯ ಮುಖ ತುಂಬಲು ನಮ್ಮ ಕಡೆಯವರೇ ಬೇಕು ಎಂದು ಪ್ರಬಂಧದಲ್ಲಿ ಜಂಬದಿಂದ ಬರೆದಿದ್ದೆ. ಅದಕ್ಕೆಂದೇ ನಮ್ಮ ಮನೆಯ ಆಲ್ಬಂಗಳನ್ನೆಲ್ಲ ಸ್ಕ್ಯಾನ್ ಮಾಡಿದ್ದೆ. ಮುಂಜಿವೆ, ಮದುವೆ, ಶಾಂತಿ, ಆರಾಧನೆ. ದೊಡ್ಡಪ್ಪಂದಿರು, ಮಾಮಂದಿರು, ಅವರ ಬೀಗರು.

ಫಲಿತಾಂಶ ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ. ಹಣೆ ಬಂದಿತ್ತು. ಎಡ ಹುಬ್ಬು ಬಂದಿತ್ತು. ಚರ್ಮಕ್ಕೆ ಚರ್ಮದ ಕಳೆ ಇತ್ತು. ಸ್ವಲ್ಪ ಮಸುಕಾಗಿದೆ ಅನ್ನಿಸಿ ಕಪ್ಪು-ಬಿಳುಪಿನ ಅಂತರ ಹೆಚ್ಚಿಸಿದೆ. ನನಗೆ ಗೊಂದಲವಿರುವುದು ಈ ಜಾಗದಲ್ಲೇ. ಅಂತರ ಹೆಚ್ಚಿಸುವಾಗ ಎದುರಿಗಿದ್ದದ್ದು ಬರೀ ಹಣೆಯೋ, ಗೆರೆ ಇದ್ದ ಹಣೆಯೋ?

ಸೇಡಂ ರಸ್ತೆಯ ಸ್ಟುಡಿಯೋದವರಿಗೆ ಸಿ.ಡಿ. ಕೊಟ್ಟೆ. ಅವರು ಪರದೆಯ ಮೇಲೆ ನೋಡಿ, "ಏಕದಂ ಸಾಫ್ ರೀ ಸರ್! ನಮ್ಮ ಧಂಧಾ ಬಂದ್ ಮಾಡಸ್ತೀರಿ ನೀವು," ಎಂದರು. ದೊಡ್ಡದಾಗಿ ಪ್ರಿಂಟ್ ಹಾಕಿ, ಚೌಕಟ್ಟು ಕೂಡಿಸಿ, ಖಾಕಿ ಕಾಗದ ಸುತ್ತಿ ಕೊಟ್ಟರು. ಕಾಗದ ಬಿಚ್ಚಿ ನೋಡಲಿಲ್ಲ. ಮರುದಿನ ಅಪ್ಪನೂ ನಾನೂ ಕಮಲಾಪುರಕ್ಕೆಂದು ಹುಮನಾಬಾದ್ ಬಸ್ಸು ಹತ್ತಿದೆವು. ಅಪ್ಪ ಇಡೀ ದಾರಿ ಅದನ್ನು ತೊಡೆಯ ಮೇಲೆ ಹಿಡಿದುಕೊಂಡಿದ್ದರು.

ಶಾಲೆಯ ಹೊಸ ಹಾಲಿನಲ್ಲಿ ಸಾಲು ಕುರ್ಚಿ, ಊರಿನ ಹಿರಿಯರು, ಸಾವ್ಕಾರರ ಮನೆಯವರು. ಫೋಟೋವನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಮೇಲೆ ಶಲ್ಯ ಹೊದಿಸಿದ್ದರು. ಮುಖ್ಯೋಪಾಧ್ಯಾಯರು ನನ್ನ ಬಗ್ಗೆಯೂ ಎರಡು ಮಾತಾಡಿದರು. "ನಮ್ಮ ಮಾಸ್ತರ ಮಗಾ, ಕಂಪ್ಯೂಟರಿಂದ ಹೋದ ಮುಖಾ ತಿರುಗಿ ತಂದಾರ," ಎಂದರು. ಸಾವ್ಕಾರರು ಶಲ್ಯ ಎಳೆದರು.

ಚಪ್ಪಾಳೆ ಶುರುವಾಗಿ ಅರ್ಧಕ್ಕೆ ನಿಂತಿತು.

ಸಾವ್ಕಾರರ ತಂದೆಯ ಹಣೆಯ ಮೇಲೆ ವಿಭೂತಿ ಇರಲಿಲ್ಲ. ಎರಡು ಹುಬ್ಬಿನ ನಡುವೆ ಮೇಲಿನಿಂದ ಕೆಳಕ್ಕೆ ಒಂದು ಕರಿ ಗೆರೆ, ಅದರ ಬುಡದಲ್ಲಿ ಒಂದು ಕರಿ ಬೊಟ್ಟು. ಮಾಧ್ವರಾದ ನಮ್ಮ ಮನೆಯ ಗಂಡಸರು ಪೂಜೆ ಮುಗಿಸಿ ಹಚ್ಚಿಕೊಳ್ಳುವ ಅಂಗಾರ, ಅಕ್ಷತೆ. ಸ್ವಲ್ಪ ಮಸುಕು, ಆದರೆ ಯಾರೂ ತಪ್ಪು ತಿಳಿಯುವ ಹಾಗಿರಲಿಲ್ಲ.

ಹಿಂದಿನ ಸಾಲಿನಿಂದ ಯಾರೋ ಅಂದರು: "ಮುತ್ಯಾ ಯಾವಾಗ ಆಚಾರ್ರ ಆದ್ನೋ?"

"ಮಾಸ್ತರ ಮನಿಯಾಗ ಬಾಡಿಗಿ ಇದ್ದನೇನೋ," ಎಂದರು ಇನ್ನೊಬ್ಬರು.

ನಗು ಎದ್ದಿತು. ದೊಡ್ಡದೇನಲ್ಲ, ಕೆಟ್ಟದ್ದೂ ಅಲ್ಲ. ಆದರೆ ಸಾವ್ಕಾರರ ಅಣ್ಣನ ಮಗ ನಗಲಿಲ್ಲ. ಎದ್ದು ನಿಂತು ಅಪ್ಪನಿಗೆ ನೇರವಾಗಿ ಕೇಳಿದ: "ಏನ್ರಿ ಮಾಸ್ತರ್ರ, ನಮ್ಮ ಮುತ್ಯಾನ ಈಬತ್ತಿ ನಿಮಗ ಹೊಲಸ ಕಂಡೈತೇನು, ಒರಸಾಕ?"

ಅಪ್ಪ ನನ್ನ ಕಡೆ ನೋಡಿದರು. ನಾನು ಫೋಟೋದ ಕಡೆ ನೋಡುತ್ತಿದ್ದೆ. ವಿವರಣೆ ನನ್ನ ಹತ್ತಿರವಿತ್ತು. ಬೆಳ್ಳಗೆ, ತೆಳ್ಳಗೆ, ಉದ್ದಕ್ಕಿದ್ದ ವಿಭೂತಿಯ ಪಟ್ಟೆಗಳನ್ನು ನನ್ನ ನಿಯಮ ಗೀರು ಎಂದು ಅಳಿಸಿತ್ತು. ಖಾಲಿಯಾದ ಜಾಗದಲ್ಲಿ ಏನಿರಬೇಕೆಂದು ನಮ್ಮ ದೊಡ್ಡಪ್ಪಂದಿರ ಹಣೆ ನೋಡಿ ಕಲಿತ ಯಂತ್ರ ಹೇಳಿತ್ತು. ಇದನ್ನು ಆ ಹಾಲಿನಲ್ಲಿ ಯಾರಿಗೆ, ಹೇಗೆ ಹೇಳುವುದು? ಹೇಳಿದರೂ ಅದು ನೆಪವಾಗಿ ಕೇಳಿಸುತ್ತಿತ್ತು. ನಾವು ಆ ವಾಡೆಯಲ್ಲಿದ್ದಾಗ ಸಾವ್ಕಾರರ ಮನೆಯಿಂದ ಬಂದ ಹಾಲಿನ ತಂಬಿಗೆಯ ಮೇಲೆ ನಮ್ಮಜ್ಜಿ ನೀರು ಚಿಮುಕಿಸಿಯೇ ಒಳಗೆ ಒಯ್ಯುತ್ತಿದ್ದಳು. ಕೊಟ್ಟವರು ನೋಡುತ್ತ ನಿಂತಿರುತ್ತಿದ್ದರು. ಅದನ್ನು ಅಲ್ಲಿ ಕುಳಿತಿದ್ದ ಎಷ್ಟು ಜನ ಬಲ್ಲವರೋ! ನನಗಂತೂ ಆ ಕ್ಷಣದಲ್ಲಿ ಎಲ್ಲರೂ ಬಲ್ಲವರಂತೆ ಕಂಡರು.

ಸಾವ್ಕಾರರು ಮಾತ್ರ ಯಾರ ಮಾತೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಫೋಟೋದ ಹತ್ತಿರ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು ಸನ್ನೆ ಮಾಡಿ ಕರೆದರು.

"ತಮ್ಮಾ, ಗೆರೀ ಬಿಡು. ಉಳಿದದ್ದು ಹಿಂಗ ಇದ್ದನೇನ್ ನಮ್ಮಪ್ಪ? ಈ ಹುಬ್ಬು? ಈ ಹಣಿ?"

ಸುಳ್ಳು ಹೇಳಬಹುದಿತ್ತು. ಧೈರ್ಯದಿಂದ ಸತ್ಯ ಹೇಳಿದೆ ಎಂದು ಬರೆಯಲಾರೆ. ಸುಳ್ಳು ಹೊಳೆಯಲಿಲ್ಲ, ಅಷ್ಟೇ.

"ಮೂಗು, ಬಾಯಿ, ಗದ್ದ ಅವರವ ಕಾಕಾ," ಎಂದೆ. "ಕಣ್ಣೂ ಅವರವ. ಹಣಿ, ಎಡ ಹುಬ್ಬು… ಅವು ಅವರವಲ್ಲ."

"ಮತ್ತ ಯಾರವು?"

"ನಮ್ಮ ಮನಿಯವರವು. ಎಲ್ಲಾರವೂ ಕೂಡಿಸಿ ಒಂದು ಅಂದಾಜು."

ಅವರು ತಲೆ ಅಲ್ಲಾಡಿಸಿದರು. ಅಂಗಿಯ ಕಿಸೆಯಿಂದ ವಿಭೂತಿಯ ಗಟ್ಟಿ ತೆಗೆದು, ಮುಂದೆ ಇಟ್ಟಿದ್ದ ತಂಬಿಗೆಯ ನೀರಿನಲ್ಲಿ ಮೂರು ಬೆರಳು ಅದ್ದಿ, ಗಟ್ಟಿಗೆ ತಿಕ್ಕಿ, ಗಾಜಿನ ಮೇಲೆ ಅಡ್ಡಕ್ಕೆ ಎಳೆದರು. ಕರಿ ಗೆರೆ ಮುಚ್ಚಿತು. ನೀರು ಹೆಚ್ಚಾಗಿ ಒಂದು ಹನಿ ಮೂಗಿನವರೆಗೆ ಇಳಿಯಿತು. "ಹಾರ ಹಾಕ್ರಿ," ಎಂದರು. ಕಾರ್ಯಕ್ರಮ ಮುಂದುವರಿಯಿತು.

ಊಟಕ್ಕೆ ನಿಲ್ಲಲಿಲ್ಲ. ಅಪ್ಪ ಬಸ್‌ಸ್ಟ್ಯಾಂಡಿನವರೆಗೆ ನನಗಿಂತ ಮುಂದೆ ಮುಂದೆ ನಡೆದರು. ಬಸ್ಸಿನಲ್ಲಿ ಒಂದೇ ಒಂದು ಮಾತು ಕೇಳಿದರು: "ಮೊದಲ ನೋಡಿದ್ದಿಯೇನು?"

"ಇಲ್ಲ," ಎಂದೆ.

"ದಿನಾ ಕನ್ನಡಿಯಾಗ ಅದನ್ನ ನೋಡತೀನಿ ನಾನು. ನನಗೂ ಕಾಣತಿರಲಿಲ್ಲ ಬಿಡು," ಎಂದು ಕಿಟಕಿಯ ಕಡೆ ತಿರುಗಿದರು. ಸಮಾಧಾನ ಹೇಳಿದರೋ ಛೀಮಾರಿ ಹಾಕಿದರೋ ಗೊತ್ತಾಗಲಿಲ್ಲ. ನೋಡಿಯೂ ಹಾಗೇ ಬಿಟ್ಟಿದ್ದರೆ ಅದು ಉಡಾಫೆ. ನೋಡಿಯೂ ಕಾಣದೆ ಹೋಗಿದ್ದರೆ, ಒಬ್ಬ ಮನುಷ್ಯನ ಹಣೆಯ ಮೇಲೆ ಆ ಗೆರೆ ಇರುವುದು ನನಗೆ ಸಹಜವಾಗಿ ಕಂಡಿತು ಎಂದರ್ಥ. ಎರಡರಲ್ಲಿ ಯಾವುದು ಹೆಚ್ಚು ನಾಚಿಕೆಗೇಡು ಎಂದು ಬಸ್ಸು ಕಲಬುರಗಿ ಮುಟ್ಟುವವರೆಗೆ ತೂಗಿದೆ. ಇನ್ನೂ ಮುಗಿದಿಲ್ಲ.

ಒಂದು ವಾರವೋ ಎರಡು ವಾರವೋ, ಆಮೇಲೆ ಸಾವ್ಕಾರರೇ ಗಾಜಿಪುರಕ್ಕೆ ಬಂದರು. ಅಪ್ಪ ಅವರನ್ನು ಕಂಡು ಎದ್ದು ನಿಂತರು, ಕೂಡ್ರಿ ಎನ್ನಲು ಮರೆತರು.

"ಏನ್ ಮಾಸ್ತರ್ರ, ನಮ್ಮನಿ ಊಟಾ ಬಿಟ್ಟು ಓಡಿ ಬಂದ್ರಿ. ಹೋಳಿಗಿ ಎಲ್ಲಾ ದನಕ್ಕ ಹಾಕಿದ್ವಿ," ಎಂದು ತಾವೇ ಕುಳಿತರು. ಹಳೆಯ ಫೋಟೋವನ್ನು ಬಟ್ಟೆಯಿಂದ ಬಿಚ್ಚಿ ನನ್ನ ಕೈಗೆ ಕೊಟ್ಟರು. "ಮತ್ತೊಮ್ಮೆ ಮಾಡು. ಈ ಸಲ ನಾ ಬಾಜೂಕ ಕೂಡತೀನಿ."

ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿ ಹಣೆಯನ್ನು ಪರದೆ ತುಂಬ ದೊಡ್ಡದು ಮಾಡಿದೆ. ಈ ಸಲ ಯಾವುದನ್ನೂ ನಿಯಮಕ್ಕೆ ಬಿಡಲಿಲ್ಲ. ಒಂದೊಂದು ಗೆರೆಯನ್ನೂ ಕಣ್ಣಿನಿಂದ ಹಿಂಬಾಲಿಸಿದೆ. ಗೀರು ರುಮಾಲು, ಮುಖ, ಹಿಂದಿನ ಪರದೆ ಯಾವುದನ್ನೂ ಲೆಕ್ಕಿಸದೆ ಎಲ್ಲವನ್ನೂ ದಾಟಿ ಹೋಗುತ್ತಿತ್ತು. ಅದರ ಅಂಚು ಚಾಕುವಿನಿಂದ ಕೊಯ್ದಂತೆ. ವಿಭೂತಿಯ ಪಟ್ಟೆ ಹಣೆಯ ಉಬ್ಬಿನ ಜೊತೆ ಸ್ವಲ್ಪ ಬಾಗಿ, ಹಣೆ ಮುಗಿದಲ್ಲಿ ತಾನೂ ಮುಗಿಯುತ್ತಿತ್ತು. ಕ್ಯಾಮೆರಾದ ಗಾಜಿನ ಮೂಲಕ ಬಂದದ್ದರಿಂದ ಅದರ ಅಂಚು ಮೆತ್ತಗೆ. ಗೆರೆ ಎಲ್ಲಿ ನಿಲ್ಲುತ್ತದೆ ಎಂದು ನನ್ನ ನಿಯಮ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಗೀರುಗಳ ಮೇಲೆ ಮಾತ್ರ ಗುರುತು ಹಾಕುತ್ತ ಹೋದೆ. ಅಷ್ಟನ್ನೇ ಅಂಚಿನ ಬಣ್ಣದಿಂದ ತುಂಬಿಸಿದೆ. ಧೂಳಿನ ಚುಕ್ಕೆಗಳಿಗೆ ಆ ಹಳೆಯ ನಡುವಿನ ಅಂಕಿಯ ಲೆಕ್ಕ. ಕಲಿಸಿದ ಯಂತ್ರವನ್ನು ತೆರೆಯಲಿಲ್ಲ. ಎರಡು ಪಟ್ಟೆ ಉಳಿದವು. ಮೂರನೆಯದು ಇದ್ದಿರಬೇಕಾದ ಕಡೆ ಮಡಿಕೆ ಬಿರಿದು ಕಾಗದವೇ ಬೆಳ್ಳಗೆ ಕಾಣುತ್ತಿತ್ತು. ಎಡ ಹುಬ್ಬು ಅರ್ಧ ಕಲೆಯ ಕೆಳಗೆ.

"ಮೂರನೇ ಪಟ್ಟಿ ನಾ ಕೈಲೆ ಹಾಕಲೇನು ಕಾಕಾ?" ಎಂದೆ. "ಮೇಲಿಂದು ನೋಡಿ ಹಂಗ ಎಳೀಬಹುದು. ಯಾರಿಗೂ ಗೊತ್ತಾಗೂದಿಲ್ಲ."

"ನಂಗ ಗೊತ್ತಾಗತದಲ್ಲ," ಎಂದರು. "ಬ್ಯಾಡ. ಇಲ್ಲದ್ದು ಹಚ್ಚಬ್ಯಾಡ. ಹುಬ್ಬೂ ಅಷ್ಟ ಇರಲಿ. ಇವನ ಮಾರಿ ಎಷ್ಟ ಉಳದದ, ಅಷ್ಟ ನಂದು."

ಪಕ್ಕದ ಕುರ್ಚಿಯಲ್ಲಿದ್ದ ಅಪ್ಪ, "ಸಾಲಿ ಹಾಲ್‌ನಾಗ ಹಾಕೂದು ಅದಲ್ರಿ ಸಾವ್ಕಾರ್ರ, ಜನಾ ನೋಡತಾರ," ಎಂದರು ಮೆಲ್ಲಗೆ.

"ನೋಡ್ಲಿ ಬಿಡ್ರಿ. ಮೊನ್ನೆ ಕಡಿಮಿ ನೋಡ್ಯಾರೇನು?"

ಅಪ್ಪ ನಕ್ಕರು. ನನಗೆ ನಗು ಬರಲಿಲ್ಲ. ಸಾವ್ಕಾರರು ನನ್ನ ಬೆನ್ನ ಮೇಲೆ ಒಂದು ಏಟು ಹಾಕಿ, ಚಹಾ ಏನಾದರೂ ಸಿಗತದೇನು ಈ ಮನಿಯಾಗ ಎಂದು ಕೇಳಿದರು. ಅಮ್ಮ ಚಹಾ ತಂದಳು. ಕುಡಿದಾದ ಮೇಲೆ ಅವರ ಕಪ್ಪನ್ನೂ ಒಳಗೆ ಒಯ್ದಳು, ನಮ್ಮ ಕಪ್ಪುಗಳ ಜೊತೆಗೇ. ನಾನು ಅದನ್ನು ಗಮನಿಸಿದೆ ಎಂಬುದೂ ನನಗೆ ಆಗ ನಾಚಿಕೆಯ ವಿಷಯವಾಯಿತು.

ಕಲೆ ಇದ್ದ ಹುಬ್ಬು, ಎರಡು ಪಟ್ಟೆಯ ಆ ಫೋಟೋ ಶಾಲೆಯ ಹಾಲಿನ ಗೋಡೆ ಏರಿತು. ಸಾವ್ಕಾರರು ಮೊದಲ ಪ್ರಿಂಟನ್ನು ಏನು ಮಾಡಿದರೋ ಕೇಳುವ ಧೈರ್ಯ ನನಗೆ ಬರಲಿಲ್ಲ.

ಪ್ರಬಂಧ ಬರೆದು ಮುಗಿಸಬೇಕಾಗಿತ್ತು. ಅದಕ್ಕೆ ಮೊದಲು ಸೇಡಂ ರಸ್ತೆಯ ಸ್ಟುಡಿಯೋಕ್ಕೆ ಹೋಗಿ ನಡೆದದ್ದನ್ನು ಹೇಳಿದೆ. ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ನನ್ನನ್ನೇ ನೋಡಿದರು.

"ಅರೆ ಸರ್, ಆ ಗೆರೀ ನಾನು ನೋಡೀನಲ್ಲ! ನಿಮ್ಮ ಮನೀ ಹಿರಿಯರದು ಫೋಟೋ ಅಂತ ತಿಳಕೊಂಡೆ. ಬರೋಬರ್ ಅದ ಅಂತ ಪ್ರಿಂಟ್ ಹೊಡದೆ."

ನಾನೂ ಹಾಗೇ ತಿಳಿದುಕೊಂಡಿದ್ದೆನೇನೋ. ಅವರ ಹತ್ತಿರ ಒಂದು ಸಹಾಯ ಕೇಳಿದೆ: ಬೇರೆ ಬೇರೆ ಮನೆಗಳ ಕೆಲವು ಮುಖಗಳು ಬೇಕು, ಪರೀಕ್ಷೆಗೆ ಮಾತ್ರ, ಎಲ್ಲೂ ಹಾಕುವುದಿಲ್ಲ. ಅವರು ತಮ್ಮ ಮನೆಯವೇ ಕೊಟ್ಟರು. ತಮ್ಮದು, ತಮ್ಮ ತಂಗಿಯದು, ಟೋಪಿ ಹಾಕಿಕೊಂಡ ತಮ್ಮ ಅಬ್ಬಾನದು. ಅವುಗಳಲ್ಲಿ ಒಂದು ಗೀರೂ ಇರಲಿಲ್ಲ. ನಾನೇ ಹಣೆಯ ಭಾಗವನ್ನು ಖಾಲಿ ಮಾಡಿ, ತುಂಬು ಎಂದು ಯಂತ್ರಕ್ಕೆ ಕೊಟ್ಟೆ.

ನೆನಪಿನ ಮೇಲೆ ಬಿಡದೆ ಪರೀಕ್ಷಿಸಿ ಖಾತ್ರಿ ಮಾಡಿಕೊಂಡದ್ದು ಇಷ್ಟೇ: ಅಬ್ಬಾನ ಹಣೆಯ ಮೇಲೆ, ತಂಗಿಯ ಹಣೆಯ ಮೇಲೆ, ಕೊಟ್ಟ ಪ್ರತಿಯೊಂದು ಹಣೆಯ ಮೇಲೆ, ಎರಡು ಹುಬ್ಬಿನ ನಡುವೆ, ನೆಟ್ಟಗೆ ಅದೇ ಕರಿ ಗೆರೆ ಬಂತು.